‘ಕೈ ಎತ್ತಿ’ ಎನ್ನುವಲ್ಲಿ ಪೋಲ್

ಸಭಾಂಗಣಕ್ಕೆಂದು ಬರೆದ ಸ್ಲೈಡ್‌ಗಳನ್ನು ವೆಬಿನಾರ್‌ಗೆ ಒಗ್ಗಿಸುವಾಗ, ಸಭಿಕರ ಮುಖ ನೋಡಿ ಆಡುವ ಮಾತುಗಳನ್ನು ಮೊದಲು ಗುರುತಿಸಿ. ಹನಿ ನೀರಾವರಿಯ ಭಾಷಣದಲ್ಲಿ ‘ಫಿಲ್ಟರ್ ತೊಳೆಯುವವರು ಕೈ ಎತ್ತಿ’ ಎಂಬ ಸಾಲಿದೆ ಎನ್ನೋಣ. ಅಲ್ಲಿ ಪೋಲ್ ಇಡಿ: ‘ನೀವು ಫಿಲ್ಟರ್ ತೊಳೆಯುವುದು ಯಾವಾಗ? ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ನೀರು ಕಟ್ಟಿಕೊಂಡಾಗ.’

ಸ್ಕ್ರಿಪ್ಟಿನಲ್ಲಿ ಕ್ರಮ ಬರೆದಿಡಿ. ಸಹಾಯಕರು ಪೋಲ್ ತೆರೆಯುತ್ತಾರೆ, ನೀವು ಪ್ರಶ್ನೆ ಓದುತ್ತೀರಿ, ಸುಮಾರು 40 ಸೆಕೆಂಡ್ ಕಾಯುತ್ತೀರಿ. ಆ ಹೊತ್ತಿನ ಮೌನ ತುಂಬಲು ಎರಡು ಸಾಲು ಮಾತೂ ಇರಲಿ. ಫಲಿತಾಂಶದ ನಂತರದ ಮಾತನ್ನು ಎರಡು ಬಗೆಯಲ್ಲಿ ಬರೆಯಿರಿ: ಹೆಚ್ಚಿನವರು ಮೂರನೆಯದನ್ನು ಆರಿಸಿದರೆ ತೊಳೆಯುವ ವಿಧಾನ ವಿವರವಾಗಿ, ಇಲ್ಲವಾದರೆ ಚುಟುಕಾಗಿ.

ಝೂಮ್‌ನ ಪೋಲ್ ಯೂಟ್ಯೂಬ್ ನೇರಪ್ರಸಾರ ನೋಡುವವರಿಗೆ ಸಿಗದು. ಉತ್ತರವನ್ನು ಚಾಟ್‌ನಲ್ಲಿ ಬರೆಯಿರೆಂದು ಅವರಿಗೆ ಹೇಳುವ ಸಾಲನ್ನೂ ಮರೆಯದೆ ಸೇರಿಸಿ.