ಎಳೆಯ ಮಕ್ಕಳಲ್ಲಿ ಗಟ್ಟಿ ಮಲ: ಹಾಲಿನ ಅಳತೆ ಮತ್ತು ಊಟದ ಬದಲಾವಣೆ

ಹಸು ಕಟ್ಟಿರುವ ಮನೆಗಳಲ್ಲಿ ಡೈರಿಗೆ ಹಾಲು ಹಾಕುವ ಮೊದಲೇ ಮಗುವಿನ ಪಾಲನ್ನು ತೆಗೆದಿರಿಸುವುದು ರೂಢಿ. ಮಗು ಅನ್ನ ಅಥವಾ ಮುದ್ದೆ ಬೇಡವೆಂದು ಮುಖ ತಿರುಗಿಸಿದಾಗ, ಹಾಲಾದರೂ ಕುಡಿಯಲಿ ಎಂದು ಮತ್ತೊಂದು ಲೋಟ ಕೊಡಲಾಗುತ್ತದೆ. ಅದೇ ಮಗು ಮೂರು ನಾಲ್ಕು ದಿನಗಳಿಗೊಮ್ಮೆ ಆಡಿನ ಹಿಕ್ಕೆಯಂತಹ ಗಟ್ಟಿ ಮಲವನ್ನು ಅಳುತ್ತಾ ವಿಸರ್ಜಿಸಿದರೆ, ಉಷ್ಣವಾಗಿದೆ ಎಂದು ಭಾವಿಸಿ ತಂಪಿಗಾಗಿ ಇನ್ನಷ್ಟು ಹಾಲು ಕುಡಿಸುವುದುಂಟು. ಒಂದರಿಂದ ಮೂರು ವರ್ಷದೊಳಗಿನ ಅನೇಕ ಮಕ್ಕಳಲ್ಲಿ ಮಲಬದ್ಧತೆಗೆ ಈ ಅತಿಯಾದ ಹಾಲೇ ಕಾರಣವಾಗಿರುತ್ತದೆ.

ಕಾರಣವೇನು?

ಹಾಲಿನಲ್ಲಿ ನಾರಿನಂಶ ಸ್ವಲ್ಪವೂ ಇಲ್ಲ. ಕಾಳು, ಸೊಪ್ಪು, ಹಣ್ಣು ಹಾಗೂ ಧಾನ್ಯದ ಹೊಟ್ಟಿನಲ್ಲಿರುವ ನಾರು ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪಿ, ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿರಿಸುತ್ತದೆ. ಹಾಲೇ ಆಹಾರವಾದಾಗ ಉಳಿಯುವ ಶೇಷ ಕಡಿಮೆ. ಅದು ಕರುಳಿನಲ್ಲಿ ನಿಧಾನವಾಗಿ ಸಾಗುವಾಗ ಕರುಳು ಅದರ ನೀರನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಮಲ ಒಣಗಿ ಗಟ್ಟಿಯಾಗುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಎರಡು ವರ್ಷದ ಮಗುವೊಂದು ಬೆಳಿಗ್ಗೆ ಎದ್ದೊಡನೆ 250 ಮಿ.ಲೀ., ಹತ್ತು ಗಂಟೆಗೆ 200, ಮಧ್ಯಾಹ್ನ ಮಲಗುವ ಮುನ್ನ 200, ಸಂಜೆ 150 ಮತ್ತು ರಾತ್ರಿ ಬಾಟಲಿಯಲ್ಲಿ 250 ಮಿ.ಲೀ. ಹಾಲು ಕುಡಿಯುತ್ತದೆ ಎಂದುಕೊಳ್ಳೋಣ. ಒಟ್ಟು 1,050 ಮಿ.ಲೀ. ಇದರಿಂದ ಸುಮಾರು 700 ಕಿಲೋ ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 1,000 ಕಿಲೋ ಕ್ಯಾಲೊರಿ. ಅಂದರೆ ಹಸಿವಿನ ಮೂರರಲ್ಲಿ ಎರಡು ಭಾಗವನ್ನು ಹಾಲೇ ತುಂಬಿಬಿಡುತ್ತದೆ. ಮಗು ಊಟ ಮಾಡದ ಕಾರಣ ಹಾಲು ಕೊಡಲಾಗುತ್ತಿದೆ ಎಂದು ಮನೆಯವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಹಾಲು ಕುಡಿದ ಕಾರಣವೇ ಮಗು ಊಟ ಮಾಡುತ್ತಿರುವುದಿಲ್ಲ.

ಇದರ ಮತ್ತೊಂದು ಪರಿಣಾಮ ರಕ್ತಹೀನತೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿ 1 ಮಿಲಿಗ್ರಾಂನಷ್ಟೂ ಕಬ್ಬಿಣಾಂಶವಿರುವುದಿಲ್ಲ. ಜೊತೆಗೆ ಹಾಲಿನ ಕ್ಯಾಲ್ಸಿಯಂ ಇತರ ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಹಾಲು ಕುಡಿದು ದುಂಡಗಿರುವ ಮಗುವಿನ ಕಣ್ಣಿನ ಕೆಳರೆಪ್ಪೆಯ ಒಳಭಾಗ ಮತ್ತು ಅಂಗೈ ಬಿಳಿಚಿಕೊಂಡಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು.

ನೋವಿನಿಂದ ತಡೆಹಿಡಿಯುವ ಅಭ್ಯಾಸ

ಗಟ್ಟಿ ಮಲದಿಂದ ಒಮ್ಮೆ ನೋವಾದರೆ, ಅಥವಾ ಗುದದ್ವಾರದಲ್ಲಿ ಸೀಳು ಬಿದ್ದರೆ, ಮಗು ಮುಂದಿನ ಬಾರಿ ಮಲವನ್ನು ತಡೆಹಿಡಿಯುತ್ತದೆ. ತುದಿಗಾಲಿನಲ್ಲಿ ನಿಲ್ಲುವುದು, ಕಾಲುಗಳನ್ನು ಬಿಗಿಯಾಗಿ ಜೋಡಿಸುವುದು, ಬಾಗಿಲ ಮರೆಗೆ ಹೋಗಿ ಮುಖ ಕೆಂಪಾಗಿಸಿಕೊಳ್ಳುವುದು ಇದರ ಗುರುತುಗಳು. ಮಗು ಮುಕ್ಕುತ್ತಿದೆ ಎಂದು ನೋಡುವವರಿಗೆ ತೋರಿದರೂ ಅದು ಮಲವನ್ನು ಹೊರಬಿಡದಿರಲು ಶ್ರಮಿಸುತ್ತಿರುತ್ತದೆ. ತಡೆದಷ್ಟೂ ಮಲ ಇನ್ನಷ್ಟು ಒಣಗಿ ದಪ್ಪವಾಗುತ್ತದೆ.

ಬಹಳ ದಿನಗಳ ಮಲ ಸಂಗ್ರಹವಾದಾಗ ಅದರ ಬದಿಯಿಂದ ತೆಳು ಮಲ ಸೋರಿ ಚಡ್ಡಿಗೆ ಹತ್ತುತ್ತದೆ. ಇದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ತೊಂದರೆ ಹೆಚ್ಚುತ್ತದೆ.

ಹಾಲನ್ನು ಇಳಿಸುವ ಕ್ರಮ

ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಸಾಕು. ಎಮ್ಮೆಯ ಹಾಲಿಗೂ, ಪ್ಯಾಕೆಟ್ ಹಾಲಿಗೂ ಇದೇ ಮಿತಿ. ಮೊಸರೂ ಇದರ ಲೆಕ್ಕಕ್ಕೆ ಸೇರುತ್ತದೆ. ಎದೆಹಾಲಿಗೆ ಈ ಮಿತಿ ಅನ್ವಯಿಸುವುದಿಲ್ಲ. ಅದನ್ನು ಎರಡು ವರ್ಷದವರೆಗೂ, ಅನಂತರವೂ ಮುಂದುವರಿಸಬಹುದು. ಹಾಲನ್ನು ಪೂರ್ತಿಯಾಗಿ ನಿಲ್ಲಿಸುವ ಅಗತ್ಯವೂ ಇಲ್ಲ.

ಮೇಲಿನ ಉದಾಹರಣೆಯ ಮಗುವಿಗೆ ಮೊದಲ ವಾರ ಹತ್ತು ಗಂಟೆಯ ಮತ್ತು ಮಧ್ಯಾಹ್ನದ ಹಾಲನ್ನು ಬಿಡಿಸಬೇಕು. ಉಳಿಯುವುದು 650 ಮಿ.ಲೀ. ಎರಡನೆಯ ವಾರ ಸಂಜೆಯ ಹಾಲನ್ನು ಬಿಡಿಸಿದರೆ 500 ಆಗುತ್ತದೆ. ಅನಂತರ ಬೆಳಗಿನ ಮತ್ತು ರಾತ್ರಿಯ ಹಾಲನ್ನು ತಲಾ 200ಕ್ಕೆ ಇಳಿಸಿ, ಬಾಟಲಿಯ ಬದಲು ಲೋಟದಲ್ಲಿ, ತಿಂಡಿ ಊಟಗಳ ನಂತರ ಕೊಡಬೇಕು. ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಮೊಸರು ಸೇರಿದರೂ ಒಟ್ಟು 500 ಮೀರುವುದಿಲ್ಲ. ಮೊದಲ ಮೂರು ನಾಲ್ಕು ದಿನ ಮಗು ಹಟ ಮಾಡುವುದು ಸಹಜ. ಆ ದಿನಗಳಲ್ಲಿ ಹಾಲಿನ ಬದಲು ಬಿಸ್ಕತ್ತು ಕೊಟ್ಟರೆ ಪ್ರಯೋಜನವಾಗದು, ಏಕೆಂದರೆ ಮೈದಾದಲ್ಲಿಯೂ ನಾರು ಅತ್ಯಲ್ಪ.

ತೆರವಾದ ಹೊತ್ತಿಗೆ ಏನು ಕೊಡಬೇಕು?

ಹತ್ತು ಗಂಟೆಗೆ ಮಾಗಿದ ಪಪ್ಪಾಯಿಯ ನಾಲ್ಕೈದು ಹೋಳು ಅಥವಾ ಬೀಜ ತೆಗೆದ ಸೀಬೆಹಣ್ಣು ಕೊಡಬಹುದು. ಮಧ್ಯಾಹ್ನ ಮೆತ್ತಗಿನ ಅನ್ನ ಅಥವಾ ಮುದ್ದೆಯೊಂದಿಗೆ ಸೊಪ್ಪು ಹಾಕಿದ ಬೇಳೆಸಾರಿನ ತಿಳಿಯನ್ನಷ್ಟೇ ಬಡಿಸದೆ, ತಳದ ಬೇಳೆ ಸೊಪ್ಪನ್ನೂ ಮಸೆದು ಕಲಸಬೇಕು. ಸಂಜೆ ಬೇಯಿಸಿ ಹಿಸುಕಿದ ಹೆಸರುಕಾಳು ಅಥವಾ ಗೆಣಸು ಆಗಬಹುದು. ಇಡಿಯಾದ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಪುಡಿ ಮಾಡಿಯೇ ಕೊಡಬೇಕು.

ರಾಗಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕೂಸಿಗೆ ಮಾಡುವ ರಾಗಿ ಸರಿಯ ಹಿಟ್ಟನ್ನು ತೆಳುಬಟ್ಟೆಯಲ್ಲಿ ವಸ್ತ್ರಗಾಳಿಸುತ್ತಾರೆ. ಆಗ ಹೊಟ್ಟಿನೊಂದಿಗೆ ನಾರಿನ ಬಹುಪಾಲು ಹೊರಹೋಗುತ್ತದೆ. ಆರೇಳು ತಿಂಗಳ ಕೂಸಿಗೆ ಅದು ಸರಿ. ವರ್ಷ ದಾಟಿದ ಮೇಲೆ ಹಂತಹಂತವಾಗಿ ವಸ್ತ್ರಗಾಳಿಸದ ಹಿಟ್ಟಿಗೆ ಬದಲಾಯಿಸಬೇಕು.

ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಲ ಮತ್ತೆ ಗಟ್ಟಿಯಾಗುತ್ತದೆ. ಪ್ರತಿ ಊಟದೊಂದಿಗೂ ನಡುವೆಯೂ ಕಾಯಿಸಿ ಆರಿಸಿದ ನೀರನ್ನು ಸಣ್ಣ ಲೋಟದಲ್ಲಿ ಕೊಡುತ್ತಿರಬೇಕು. ತಿಂಡಿ ಅಥವಾ ಊಟವಾದ ಹತ್ತು ಹದಿನೈದು ನಿಮಿಷಗಳಲ್ಲಿ ಕರುಳಿನ ಚಲನೆ ಹೆಚ್ಚುವುದರಿಂದ, ಆ ಹೊತ್ತಿನಲ್ಲಿ ಮಗುವನ್ನು ಪಾದಗಳು ನೆಲಕ್ಕೆ ಊರುವಂತೆ ಐದು ನಿಮಿಷ ಕೂರಿಸುವುದು ಉಪಯುಕ್ತ. ಗದರಿಸಿದರೆ ತಡೆಹಿಡಿಯುವುದು ಹೆಚ್ಚುತ್ತದೆ.

ವೈದ್ಯರ ನೆರವು ಯಾವಾಗ?

ಮಲ ಈಗಾಗಲೇ ಕಟ್ಟಿಕೊಂಡಿದ್ದರೆ ಆಹಾರದ ಬದಲಾವಣೆಯೊಂದೇ ಸಾಲದು. ಮಲ ಮೃದುಗೊಳಿಸುವ ಔಷಧವನ್ನು ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ನೀಡುತ್ತಾರೆ. ಒಮ್ಮೆ ಮಲ ಹೋದ ಕೂಡಲೇ ಅದನ್ನು ನಿಲ್ಲಿಸಬಾರದು. ಹಿಗ್ಗಿದ ಗುದನಾಳ ಮೊದಲಿನಂತಾಗಲು ಮತ್ತು ಮಗು ನೋವನ್ನು ಮರೆಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಸೋಪಿನ ಚೂರು, ಎಣ್ಣೆ ಸವರಿದ ವೀಳ್ಯದೆಲೆ ತೊಟ್ಟನ್ನು ಗುದದ್ವಾರಕ್ಕೆ ಇಡುವುದು, ಹರಳೆಣ್ಣೆ ಕುಡಿಸುವುದು ಬೇಡ. ಇವುಗಳಿಂದ ಗಾಯ ಮತ್ತು ಭಯ ಹೆಚ್ಚುತ್ತವೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿ.ಲೀ.ನಂತೆ ನೀಡುವ ಕಬ್ಬಿಣಾಂಶದ ಸಿರಪ್‌ನಿಂದ ಮಲ ಕಪ್ಪಾಗುವುದು ಸಹಜ. ಮಲಬದ್ಧತೆಗೆ ಅದೇ ಕಾರಣವೆಂದು ತಾವಾಗಿ ನಿಲ್ಲಿಸದೆ, ಆಶಾ ಕಾರ್ಯಕರ್ತೆ ಅಥವಾ ವೈದ್ಯರನ್ನು ಕೇಳಬೇಕು. ಆ ಸಿರಪ್ಪನ್ನು ಹಾಲಿನೊಂದಿಗೆ ಕೊಡಬಾರದು.

ಹೊಟ್ಟೆ ಉಬ್ಬುವುದು, ಹಸಿರು ವಾಂತಿ, ಜ್ವರ, ಮಲದಲ್ಲಿ ರಕ್ತ, ತೂಕ ಏರದಿರುವುದು ಅಥವಾ ಹುಟ್ಟಿದ ಮೊದಲ ವಾರಗಳಿಂದಲೇ ಮಲಬದ್ಧತೆ ಇದ್ದರೆ ಮನೆಯಲ್ಲಿ ಪ್ರಯತ್ನಿಸುತ್ತಾ ಕೂರದೆ ಆಸ್ಪತ್ರೆಗೆ ತೋರಿಸಬೇಕು. ಉಬ್ಬಿದ ಹೊಟ್ಟೆಯೊಂದಿಗೆ ಹಸಿರು ವಾಂತಿಯಾದರೆ ಅದೇ ದಿನ, ತಡಮಾಡದೆ ಕರೆದೊಯ್ಯಬೇಕು. ಕೆಲವೇ ಮಕ್ಕಳಲ್ಲಿ ಹಾಲಿನ ಪ್ರೋಟೀನ್ ಒಗ್ಗದಿರುವುದೂ ಕಾರಣವಾಗಿರಬಹುದು. ಅದನ್ನು ವೈದ್ಯರೇ ನಿರ್ಧರಿಸಬೇಕು.

ಅಂಗನವಾಡಿಗೆ ತೂಕ ನೋಡಿಸಲು ಬರುವ ತಾಯಂದಿರು ಹಿಂದಿನ ದಿನ ಮಗು ಕುಡಿದ ಹಾಲನ್ನು ಲೋಟದ ಅಳತೆಯಲ್ಲಿಯೂ, ಮಲವಾದ ದಿನಗಳನ್ನು ಕ್ಯಾಲೆಂಡರಿನಲ್ಲಿಯೂ ಗುರುತಿಸಿಕೊಂಡು ಬಂದಲ್ಲಿ, ಎಷ್ಟು ಹಾಲು ಇಳಿಸಬೇಕೆಂಬುದನ್ನು ಕಾರ್ಯಕರ್ತೆಯರು ಅಲ್ಲಿಯೇ ಲೆಕ್ಕ ಹಾಕಿ ತಿಳಿಸಬಹುದಾಗಿದೆ.