ಕುರ್ಚಿ ಕಡಿಮೆ, ಗಿರಾಕಿ ಹೆಚ್ಚು

ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಅಪರಿಚಿತರ ಎದುರು ಕೂತು ದೋಸೆ ತಿನ್ನುವುದಕ್ಕೆ ಯಾರೂ ಬೇಸರಿಸುವುದಿಲ್ಲ. ಅಲ್ಲಿ ಖಾಲಿ ಕುರ್ಚಿ ಖಾಲಿ ಉಳಿಯುವುದೇ ಅಪರೂಪ. ಆದರೆ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಈ ರೂಢಿ ನಡೆಯದು. ಇಬ್ಬರು ಬಂದು ನಾಲ್ಕು ಕುರ್ಚಿಯ ಟೇಬಲ್ ಹಿಡಿದರೆ, ಉಳಿದೆರಡು ಕುರ್ಚಿ ಅವರು ಏಳುವ ತನಕ ಯಾರಿಗೂ ಇಲ್ಲ.

ಹತ್ತು ಟೇಬಲ್, ನಲವತ್ತು ಕುರ್ಚಿಯ ಒಂದು ಹೋಟೆಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮಧ್ಯಾಹ್ನ ಇಬ್ಬಿಬ್ಬರ ಆರು ಜೋಡಿ, ಮೂವರ ಎರಡು ಗುಂಪು, ನಾಲ್ವರ ಎರಡು ಗುಂಪು ಬಂದವು ಎನ್ನಿ. ಹತ್ತೂ ಟೇಬಲ್ ಭರ್ತಿ. ಉಣ್ಣುತ್ತಿರುವವರು ಮಾತ್ರ 26 ಜನ. ಹೊರಗೆ ಕಾಯುವವರ ಸಾಲು, ಒಳಗೆ 14 ಕುರ್ಚಿ ಖಾಲಿ!

ಇವುಗಳಲ್ಲಿ ಆರು ಟೇಬಲ್ ಗೋಡೆಯುದ್ದಕ್ಕೂ ಸಾಲಾಗಿವೆ. ಒಂದೊಂದೂ ನಾಲ್ಕು ಅಡಿ ಉದ್ದ, ನಡುವೆ ಒಂದೊಂದಡಿ ಜಾಗ; ಒಟ್ಟು 29 ಅಡಿ. ಅವನ್ನು ತೆಗೆದು ಎರಡಡಿ ಅಗಲದ, ಇಬ್ಬರು ಕೂರುವ ಟೇಬಲ್‌ಗಳನ್ನು ಅಷ್ಟೇ ಅಂತರದಲ್ಲಿ ಹಾಕಿದರೆ ಅದೇ 29 ಅಡಿಯಲ್ಲಿ ಹತ್ತು ಹಿಡಿಸುತ್ತವೆ. ಹನ್ನೆರಡು ಹಿಡಿಸುವುದಿಲ್ಲ, ಹಾಗಾಗಿ ಸೀಟು 36ಕ್ಕೆ ಇಳಿಯುತ್ತದೆ. ಮಾಲೀಕರು ಹಿಂಜರಿಯುವುದು ಇಲ್ಲೇ. ಆದರೆ ಮೊದಲಿನ ಅದೇ ಗುಂಪುಗಳನ್ನು ಕೂರಿಸಿ ನೋಡಿ: ಆರು ಜೋಡಿಗೆ ಆರು ಚಿಕ್ಕ ಟೇಬಲ್, ಉಳಿದ ನಾಲ್ಕು ಗುಂಪಿಗೆ ನಾಲ್ಕು ದೊಡ್ಡವು. ಇನ್ನೂ ನಾಲ್ಕು ಜೋಡಿಗೆ ಜಾಗ ಉಳಿದಿದೆ. ನಾಲ್ಕು ಕುರ್ಚಿ ಕಳೆದುಕೊಂಡೂ 34 ಜನ ಕೂರುತ್ತಾರೆ.

ಟೇಬಲನ್ನು ಎರಡಡಿಗಿಂತ ಕಿರಿದು ಮಾಡುವ ಆಸೆ ಬೇಡ. ಎದುರುಬದುರು ಎರಡು ಊಟದ ತಟ್ಟೆ, ನೀರಿನ ಲೋಟಗಳಿಗೆ ಎರಡೂವರೆ ಅಡಿ ಉದ್ದವೂ ಬೇಕೇ ಬೇಕು. ಕೂತವರ ಕುರ್ಚಿಗೆ ಟೇಬಲಿನ ಅಂಚಿನಿಂದ ಒಂದೂವರೆ ಅಡಿ, ಅದರಾಚೆ ಸಪ್ಲೈಯರ್ ಓಡಾಡಲು ಮೂರಡಿ ಬಿಡಬೇಕು. ಸಾಂಬಾರಿನ ಬಟ್ಟಲು ಗಿರಾಕಿಯ ಭುಜದ ಮೇಲಿಂದ ದಾಟುತ್ತಿದ್ದರೆ, ಒಬ್ಬರು ಕೈ ತೊಳೆಯಲು ಏಳುವಾಗ ಪಕ್ಕದವರೂ ಕುರ್ಚಿ ಸರಿಸಬೇಕಾದರೆ, ಒಂದು ಟೇಬಲ್ ಹೆಚ್ಚಾಗಿದೆ ಎಂದೇ ಅರ್ಥ.

ಆರು ಜನರ ಕುಟುಂಬ ಬಂದರೆ? ಮೂರು ಚಿಕ್ಕ ಟೇಬಲ್ ಕೂಡಿಸಿದರಾಯಿತು. ಅದಕ್ಕೆ ಎಲ್ಲವೂ ಒಂದೇ ಎತ್ತರ, ಒಂದೇ ಉದ್ದ ಇರಬೇಕು. ನಡುವೆ ಒಂದೇ ಕಂಬದ ಕಾಲಿದ್ದರೆ ಕೂಡಿಸಿದಾಗ ಮಂಡಿಗೆ ತಾಗುವುದಿಲ್ಲ. ಗೋಡೆಯ ಕಡೆ ಕುರ್ಚಿಯ ಬದಲು ಉದ್ದನೆಯ ಸೋಫಾ ಇದ್ದರೆ ಸರಿಸುವುದು ಇನ್ನೂ ಸುಲಭ. ಎಂಟು ಜನರ ಟೇಬಲನ್ನು ಖಾಯಂ ಆಗಿ ಇಡುವುದು ಮಾತ್ರ ದುಬಾರಿ. ದೊಡ್ಡ ಗುಂಪು ದಿನವೂ ಬರುವ ಕಡೆ ಅದು ಸರಿ.

ಈ ಲೆಕ್ಕ ಎಲ್ಲ ಹೋಟೆಲಿಗೂ ಒಂದೇ ಅಲ್ಲ. ವಾರದ ದಿನ ಆಫೀಸಿನ ಜೋಡಿಗಳು ಬರುವಲ್ಲಿ ಭಾನುವಾರ ಕುಟುಂಬಗಳೇ ತುಂಬಬಹುದು. ಮಾಲೀಕರು ಬಡಗಿಗೆ ಹೇಳುವ ಮೊದಲು ಒಂದೆರಡು ವಾರ ಪ್ರತಿ ಆರ್ಡರ್ ಚೀಟಿಯಲ್ಲೂ ಗುಂಪಿನ ತಲೆ ಎಣಿಕೆ ಬರೆಸಲಿ, ಭಾನುವಾರದ ಚೀಟಿಗಳನ್ನು ಬೇರೆಯೇ ಎಣಿಸಲಿ.