ಸುತ್ತು ಹಾಕುವ ಗಾಡಿ ಎಷ್ಟು ಎತ್ತರದಿಂದ ಹೊರಡಬೇಕು?

ಕಳೆದ ತಿಂಗಳು ಪುಣೆಯ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ನಡೆಯಿತು. ಹನ್ನೊಂದನೇ ತರಗತಿಯಲ್ಲಿ ಓದುತ್ತಿರುವ ಮಗಳು ಫಿಸಿಕ್ಸ್ ಉತ್ತರಪತ್ರಿಕೆ ತಂದು ನನ್ನ ಮುಂದೆ ಇಟ್ಟಳು. ಒಂದು ಪ್ರಶ್ನೆಗೆ ಪೂರ್ತಿ ಅಂಕ ಹೋಗಿತ್ತು. ರೋಲರ್ ಕೋಸ್ಟರಿನ ವೃತ್ತಾಕಾರದ ಸುತ್ತಿನ ತ್ರಿಜ್ಯ 10 ಮೀಟರ್. ಗಾಡಿ ನೆತ್ತಿಯಲ್ಲೂ ಹಳಿ ಬಿಡದೆ ಸುತ್ತು ಮುಗಿಸಬೇಕಾದರೆ ಕನಿಷ್ಠ ಎಷ್ಟು ಎತ್ತರದಿಂದ ಹೊರಡಬೇಕು? ಇವಳು 20 ಮೀಟರ್ ಎಂದು ಬರೆದಿದ್ದಳು.

“ಅಪ್ಪಾ, ನೀನೇ ಹೇಳು. ಸುತ್ತಿನ ನೆತ್ತಿ ಇರೋದೇ 20 ಮೀಟರ್ ಎತ್ತರದಲ್ಲಿ. ಅಷ್ಟೇ ಎತ್ತರದಿಂದ ಬಿಟ್ಟರೆ ಅಷ್ಟೇ ಎತ್ತರಕ್ಕೆ ಹತ್ತಬೇಕು ತಾನೇ? ಶಕ್ತಿ ಎಲ್ಲಿಗೆ ಹೋಗುತ್ತೆ?”

ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಉತ್ತರ ಮಾತ್ರ ತಪ್ಪು. ಬಾಯಿಮಾತಿಗೆ ಅವಳು ಒಪ್ಪುವವಳಲ್ಲ. ಹಾಗಾಗಿ ಅಟ್ಟದ ಮೇಲಿದ್ದ ತಮ್ಮನ ಆಟಿಕೆ ಕಾರಿನ ಪ್ಲಾಸ್ಟಿಕ್ ಹಳಿಯನ್ನು ಕೆಳಗಿಳಿಸಿದೆವು.

ಸುತ್ತಿನ ವ್ಯಾಸ 24 ಸೆಂಟಿಮೀಟರ್, ಅಂದರೆ ತ್ರಿಜ್ಯ 12. ಮಗಳ ಲೆಕ್ಕದಂತೆ 24 ಸೆಂಟಿಮೀಟರ್ ಎತ್ತರದಿಂದ ಪುಟ್ಟ ಕಾರನ್ನು ತಳ್ಳದೆ ಬಿಟ್ಟೆವು. ಅದು ಇಳಿಯಿತು, ಸುತ್ತಿನೊಳಗೆ ಏರಿತು, ನೆತ್ತಿ ಮುಟ್ಟುವ ಮೊದಲೇ ಹಳಿ ಬಿಟ್ಟು ದೊಪ್ಪೆಂದು ಕೆಳಗೆ ಬಿತ್ತು. ಎರಡನೇ ಸಲವೂ ಅದೇ ಕಥೆ, ಮೂರನೇ ಸಲವೂ ಅದೇ.

ಗಮನಿಸಬೇಕಾದ ಸಂಗತಿ ಎಂದರೆ ಕಾರು ನೆತ್ತಿಯಲ್ಲಿ ನಿಂತು ಬೀಳಲಿಲ್ಲ. ಅದಕ್ಕೂ ಮೊದಲೇ, ಇನ್ನೂ ಓಡುತ್ತಿರುವಾಗಲೇ ಬಿತ್ತು. ಶಕ್ತಿ ತೀರಿದ್ದರಿಂದ ಬಿದ್ದದ್ದಲ್ಲ ಅದು. ಹಾಗಾದರೆ ಯಾಕೆ?

ಹಳಿಯ ಸ್ವಭಾವ ಇಲ್ಲಿ ಮುಖ್ಯ. ಸುತ್ತಿನ ಒಳಮೈಯಲ್ಲಿ ಓಡುವ ಕಾರನ್ನು ಹಳಿ ತಳ್ಳಬಲ್ಲದು, ಹಿಡಿದು ಎಳೆಯಲಾರದು. ನೆತ್ತಿಯಲ್ಲಿ ಕಾರು ತಲೆಕೆಳಗಾಗಿರುತ್ತದೆ. ಆಗ ಭೂಮಿಯ ಸೆಳೆತವೂ ಕೆಳಕ್ಕೆ, ಹಳಿಯ ತಳ್ಳುವಿಕೆಯೂ ಕೆಳಕ್ಕೆ. ಇವೆರಡೂ ಸೇರಿ ಕಾರಿನ ದಾರಿಯನ್ನು ವೃತ್ತವಾಗಿ ಬಾಗಿಸುತ್ತವೆ. ವೇಗ ಹೆಚ್ಚಿದ್ದರೆ ಬಾಗಿಸಲು ಹೆಚ್ಚು ಬಲ ಬೇಕು. ಸೆಳೆತ ಸಾಲದೆ ಹಳಿಯೂ ತಳ್ಳುತ್ತದೆ, ಕಾರು ಹಳಿಗೆ ಒತ್ತಿಕೊಂಡೇ ಇರುತ್ತದೆ. ವೇಗ ಕಡಿಮೆಯಾದಂತೆ ಹಳಿಯ ಪಾಲು ಇಳಿಯುತ್ತಾ ಬರುತ್ತದೆ. ಒಂದು ವೇಗದಲ್ಲಿ ಅದು ಸೊನ್ನೆಯಾಗಿ, ಸೆಳೆತ ಒಂದೇ ಆ ಕೆಲಸ ಮಾಡುತ್ತದೆ. ಅದಕ್ಕಿಂತ ನಿಧಾನವಾದರೆ ಸೆಳೆತವು ಕಾರನ್ನು ಹಳಿಯ ವೃತ್ತಕ್ಕಿಂತ ಬಿಗಿಯಾಗಿ ಬಾಗಿಸುತ್ತದೆ. ಕಾರು ಹಳಿ ಬಿಟ್ಟು ಒಳಕ್ಕೆ ಬೀಳುತ್ತದೆ.

ನೀರು ತುಂಬಿದ ಬಕೆಟ್ಟನ್ನು ತಲೆಯ ಮೇಲಿಂದ ಗಿರಗಿರನೆ ತಿರುಗಿಸುವ ಆಟವೂ ಇದೇ. ಜೋರಾಗಿ ತಿರುಗಿಸಿದರೆ ಹನಿ ಚೆಲ್ಲದು, ನಿಧಾನ ಮಾಡಿದರೆ ತಲೆಗೆ ಸ್ನಾನ.

ಈಗ ಮಗಳ ಪ್ರಶ್ನೆಗೆ ಬರೋಣ. ನೆತ್ತಿಯಲ್ಲಿ ಬೇಕಾದ ಕನಿಷ್ಠ ವೇಗ v ಎಂದರೆ, ಸೆಳೆತವೊಂದೇ ಸಾಕಾಗುವ ವೇಗ:

v² = gR

g ಯನ್ನು 10 ಎಂದು ಹಿಡಿದರೆ, R ಕೂಡ 10 ಇರುವುದರಿಂದ v² = 100. ವೇಗ ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿಲೋಮೀಟರ್. ಅಂದರೆ ನೆತ್ತಿಗೆ ಬರುವಾಗ ಗಾಡಿಯ ಕೈಯಲ್ಲಿ ಇಷ್ಟು ವೇಗ ಉಳಿದಿರಲೇಬೇಕು. ನಿಂತ ಗಾಡಿಗೆ ಈ ವೇಗ ಬರಲು ಎಷ್ಟು ಎತ್ತರ ಇಳಿಯಬೇಕು? v²/2g, ಅಂದರೆ 100/20, 5 ಮೀಟರ್. ಆದ್ದರಿಂದ ಹೊರಡುವ ಜಾಗ ನೆತ್ತಿಗಿಂತ 5 ಮೀಟರ್ ಮೇಲಿರಬೇಕು. 20ಕ್ಕೆ 5 ಕೂಡಿಸಿ, 25 ಮೀಟರ್. ಯಾವ ಅಳತೆಯ ವೃತ್ತಕ್ಕಾದರೂ ಸೂತ್ರ ಒಂದೇ:

h = 5R/2

ಇದರಲ್ಲಿ ಗಾಡಿಯ ತೂಕದ ಮಾತೇ ಇಲ್ಲ. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಅದೇ ಎತ್ತರ.

ಮಗಳು ಬರೆದ 20 ಮೀಟರಿನಿಂದ ಬಿಟ್ಟರೆ ಏನಾಗುತ್ತದೆ? ಇದೇ ಲೆಕ್ಕವನ್ನು ಸುತ್ತಿನ ಬೇರೆ ಜಾಗಗಳಿಗೂ ಹಾಕಿದರೆ, ಕೇಂದ್ರದಿಂದ 2R/3 ಮೇಲೆ ಹಳಿಯ ಒತ್ತಡ ಸೊನ್ನೆಯಾಗುತ್ತದೆ. ನಮ್ಮ ಆಟಿಕೆಯಲ್ಲಿ ಅದು ತಳದಿಂದ 20 ಸೆಂಟಿಮೀಟರ್ ಎತ್ತರ, ನೆತ್ತಿಗಿಂತ 4 ಸೆಂಟಿಮೀಟರ್ ಕೆಳಗೆ. ಕಾರು ನೆತ್ತಿ ಮುಟ್ಟದೆ ಬಿದ್ದದ್ದು ಇದಕ್ಕೇ. ಮಗಳ ಉತ್ತರ ಸರಿಯಾಗಬೇಕಾದರೆ ಗಾಡಿಯನ್ನು ಹಳಿ ಎರಡೂ ಕಡೆಯಿಂದ ಹಿಡಿದಿರಬೇಕಿತ್ತು. “ಹಳಿ ಬಿಡದೆ” ಎಂಬ ಎರಡು ಪದಗಳನ್ನು ಅವಳು ಓದಿ ಮುಂದೆ ಹೋಗಿದ್ದಳು, ಅಷ್ಟೇ.

“ಸರಿ, 30 ಸೆಂಟಿಮೀಟರಿನಿಂದ ಬಿಡೋಣ” ಎಂದಳು. ಬಿಟ್ಟೆವು. ಆಗಲೂ ಕಾರು ಬಿತ್ತು! ಈಗ ನನ್ನನ್ನು ನೋಡಿ ನಗುವ ಸರದಿ ಅವಳದು. ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆವು. ಸುಮಾರು 38ಕ್ಕೆ ಬಂದಾಗ ಕಾರು ಸಲೀಸಾಗಿ ಸುತ್ತು ಮುಗಿಸಿತು. ಸೂತ್ರ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪುಟ್ಟ ಚಕ್ರದ ಪ್ಲಾಸ್ಟಿಕ್ ಕಾರಿಗೆ ಅದರ ಪೆಟ್ಟು ಜೋರು. ಕಾರಿನ ಬದಲು ಉರುಳುವ ಗೋಲಿ ಬಿಟ್ಟರೆ ಘರ್ಷಣೆ ಇಲ್ಲದಿದ್ದರೂ 2.5R ಸಾಲದು, ಸುಮಾರು 2.7R ಬೇಕು. ತನ್ನ ಸುತ್ತ ತಾನು ತಿರುಗಲು ಗೋಲಿ ಶಕ್ತಿಯ ಒಂದು ಪಾಲನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ 5R/2 ಎಂಬುದು ಅದಕ್ಕಿಂತ ಕೆಳಗೆ ಇಳಿಯಲಾಗದ ಗೆರೆ. ಅಲ್ಲಿಂದ ಬಿಟ್ಟರೆ ಸಾಕೆಂಬ ಭರವಸೆಯಲ್ಲ.

“ಹಾಗಾದ್ರೆ ಇನ್ನೂ ಎತ್ತರದಿಂದ ಬಿಟ್ಟರಾಯ್ತು, ಭಯವೇ ಇಲ್ಲ” ಎಂದಳು ಮಗಳು. ತೊಂದರೆ ಶುರುವಾಗುವುದು ಅಲ್ಲಿಯೇ. ಸುತ್ತಿನ ತಳವನ್ನು ನೋಡಿ. 25 ಮೀಟರಿನಿಂದ ಇಳಿದ ಗಾಡಿಗೆ ತಳದಲ್ಲಿ v² = 500, ಗಂಟೆಗೆ ಸುಮಾರು 80 ಕಿಲೋಮೀಟರ್. ಅದನ್ನು ಮೇಲಕ್ಕೆ ಬಾಗಿಸಲು ತೂಕದ 5 ಪಟ್ಟು ಬಲ ಬೇಕು. ತೂಕವನ್ನು ಹೊರಲು ಇನ್ನೊಂದು ಪಟ್ಟು. ಒಟ್ಟು 6 ಪಟ್ಟು. 60 ಕಿಲೋ ತೂಗುವವರಿಗೆ ತಾವು 360 ಕಿಲೋ ಆದಂತೆ ಅನಿಸುತ್ತದೆ. ವೃತ್ತ ದೊಡ್ಡದಾಗಲಿ ಚಿಕ್ಕದಾಗಲಿ, ಕನಿಷ್ಠ ಎತ್ತರದಿಂದ ಹೊರಟರೂ ಈ 6 ತಪ್ಪದು. 30 ಮೀಟರಿನಿಂದ ಬಿಟ್ಟರೆ 7 ಆಗುತ್ತದೆ.

ಇದನ್ನು ಜನ ಮೈಮೇಲೆ ಅನುಭವಿಸಿದ್ದಾರೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1895ರಲ್ಲಿ ಫ್ಲಿಪ್ ಫ್ಲಾಪ್ ರೈಲ್ವೆ ಎಂಬ ಕೋಸ್ಟರ್ ಇತ್ತು. ಅದರ ಸುತ್ತು ಪೂರ್ತಿ ವೃತ್ತ, ವ್ಯಾಸ ಸುಮಾರು 25 ಅಡಿ. ಕೂತವರ ಕತ್ತು ನೋಯಿಸುತ್ತದೆ ಎಂಬ ಕೆಟ್ಟ ಹೆಸರು ಅದಕ್ಕೆ ಬಂತು.

ಪರಿಹಾರ ಸಿಕ್ಕಿದ್ದು ಎತ್ತರದಲ್ಲಲ್ಲ, ಆಕಾರದಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಶುರುವಾದ ರೆವಲ್ಯೂಷನ್ ಕೋಸ್ಟರಿಗೆ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ನೀರಿನ ಹನಿಯಂಥ ಸುತ್ತು ಕೊಟ್ಟರು. ತಳದಲ್ಲಿ ಬಾಗು ಸಡಿಲ, ನೆತ್ತಿಯಲ್ಲಿ ಬಿಗಿ. ನಮ್ಮ 20 ಮೀಟರ್ ಸುತ್ತನ್ನೇ ಹಾಗೆ ಬಾಗಿಸೋಣ: ನೆತ್ತಿಯಲ್ಲಿ ತ್ರಿಜ್ಯ 5, ತಳದಲ್ಲಿ 20. ಆಗ ನೆತ್ತಿಯಲ್ಲಿ v² = 50 ಸಾಕು. ಹೆಚ್ಚುವರಿ ಎತ್ತರ ಎರಡೂವರೆ ಮೀಟರ್, ಹೊರಡುವ ಎತ್ತರ 22.5. ತಳದಲ್ಲಿ v² = 450; ಅದನ್ನು 20ರ ತ್ರಿಜ್ಯದಲ್ಲಿ ಬಾಗಿಸಿದರೆ ಒಟ್ಟು ಭಾರ 3.25 ಪಟ್ಟು ಮಾತ್ರ. ಎತ್ತರವೂ ಇಳಿಯಿತು, ಕತ್ತೂ ಉಳಿಯಿತು.

ಇಂದಿನ ಗಾಡಿಗಳಿಗೆ ಹಳಿಯ ಕೆಳಗಿನಿಂದಲೂ ಹಿಡಿಯುವ ಚಕ್ರಗಳಿರುತ್ತವೆ. ಜಾನ್ ಮಿಲ್ಲರ್ 1919ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ವೇಗ ಸ್ವಲ್ಪ ಸಾಲದಿದ್ದರೂ ಗಾಡಿ ಬೀಳುವುದಿಲ್ಲ; ಕೂತವರು ಪಟ್ಟಿಯಲ್ಲಿ ಜೋತುಬೀಳುತ್ತಾರೆ ಅಷ್ಟೇ.

ಮುಂದಿನ ಸಲ ಇಂಥ ಸುತ್ತಿನಲ್ಲಿ ಕೂತಾಗ ನೆತ್ತಿಯಲ್ಲಿ ನಿಮ್ಮ ಮೈ ಎತ್ತ ಒತ್ತುತ್ತದೆ ನೋಡಿ. ಸೀಟಿಗೆ ಒತ್ತಿದರೆ ವೇಗ ಗೆರೆಗಿಂತ ಮೇಲಿದೆ. ಪಟ್ಟಿ ಬಿಗಿದರೆ ಕೆಳಗಿದೆ. ಮಗಳು ಮಾತ್ರ ತನ್ನ ಉತ್ತರಪತ್ರಿಕೆಯಲ್ಲಿ 20ರ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಾಳೆ: “ಕೆಳಗಿನ ಚಕ್ರ ಇದ್ದರೆ ಸರಿ.”